ರಜೆಯ ಅರ್ಜಿಯ ಭಾಷೆ

ಭಕ್ತ ಕುಟುಂಬದ ತರುಣನೊಬ್ಬ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯ ಲೆಕ್ಕ ವಿಭಾಗದಲ್ಲಿ ಉದ್ಯೋಗಿಯಾಗಿದ್ದಾನೆ. ತನ್ನ ವ್ಯವಸ್ಥಾಪಕರಿಗೆ ಕೊಡಲೆಂದು ಬರೆದ ರಜೆಯ ಅರ್ಜಿಯನ್ನು ತಿದ್ದಿಕೊಡಬೇಕೆಂದು ನಮ್ಮಲ್ಲಿಗೆ ತಂದಿದ್ದನು. ಅದರ ಒಕ್ಕಣೆ ಇಷ್ಟೇ:

“ಸರ್, ಮನೇಲಿ ಫಂಕ್ಷನ್ ಇದೆ. 13ರಿಂದ 17ರ ತನಕ ನಾಲ್ಕು ದಿನ ಬರಕ್ಕಾಗಲ್ಲ. ಟಿಕೆಟ್ ಬುಕ್ ಆಗಿದೆ. ದಯವಿಟ್ಟು ಅಡ್ಜಸ್ಟ್ ಮಾಡ್ಕೊಳ್ಳಿ.”

ಹುಡುಗ ಸಭ್ಯನೇ. ‘ಸರ್’ ಎಂದಿದ್ದಾನೆ, ‘ದಯವಿಟ್ಟು’ ಎಂದೂ ಬರೆದಿದ್ದಾನೆ. ಆದರೂ ಇದನ್ನು ಓದಿದ ಮೇಲಧಿಕಾರಿಗೆ ಅಸಮಾಧಾನವಾಗದೆ ಇರದು. ‘ಬರಕ್ಕಾಗಲ್ಲ’ ಎಂಬಲ್ಲಿ ಆಡುಮಾತಿನ ರೂಪವಿರುವುದು ಸಣ್ಣ ಸಂಗತಿ. ಅದನ್ನು ‘ಬರಲಾಗುವುದಿಲ್ಲ’ ಎಂದು ಗ್ರಾಂಥಿಕಗೊಳಿಸಿದರೂ ದೋಷ ಹೋಗುವುದಿಲ್ಲ. ಏಕೆಂದರೆ ಅದು ಕೋರಿಕೆಯಲ್ಲ, ಸೂಚನೆ. ರಜೆ ಕೊಡುವುದೋ ಬಿಡುವುದೋ ಎಂದು ನಿರ್ಣಯಿಸಬೇಕಾದವರು ವ್ಯವಸ್ಥಾಪಕರು. ಆ ನಿರ್ಣಯವನ್ನು ಇವನೇ ಮಾಡಿ ಮುಗಿಸಿದ್ದಾನೆ. ಟಿಕೆಟಿನ ಮಾತು ಅದಕ್ಕೆ ಬೀಗ ಹಾಕುತ್ತದೆ. ಇನ್ನು ‘ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬುದು, ಮುಂದೆ ‘ದಯವಿಟ್ಟು’ ಇದ್ದರೂ, ವ್ಯಾಕರಣದಲ್ಲಿ ಆಜ್ಞೆಯೇ.

ಎಣಿಕೆಯೂ ತಪ್ಪಿದೆ. 13ರಿಂದ 17ರವರೆಗೆ ಎಂದರೆ ಎರಡೂ ತುದಿಯ ದಿನಗಳು ಸೇರಿ 5 ದಿನಗಳಾಗುತ್ತವೆ. ವಿಚಾರಿಸಿದಾಗ, 17 ಭಾನುವಾರವಾದುದರಿಂದ ಅದನ್ನು ಬಿಟ್ಟು ಎಣಿಸಿದೆನೆಂದನು. ಅದು ಅವನಿಗೆ ಗೊತ್ತು. ಓದುವವರಿಗೆ ಗೊತ್ತಾಗುವುದು ಹೇಗೆ? ವಾರದ ರಜೆಯನ್ನು ಜೋಡಿಸಿಕೊಳ್ಳುವುದಾದರೆ ಹಾಗೆಂದೇ ಬರೆಯಬೇಕು, ಕೆಲಸಕ್ಕೆ ಹಾಜರಾಗುವ ದಿನವನ್ನೂ ಹೇಳಬೇಕು. ಯಾವ ಬಗೆಯ ರಜೆ ಎಂಬುದೂ ಇರಬೇಕು. ಸಾಂದರ್ಭಿಕ ರಜೆ ಇರುವುದು ಅಕಸ್ಮಾತ್ತಾಗಿ ಒದಗುವ ಕೆಲಸಗಳಿಗೆ. ತಿಂಗಳ ಮೊದಲೇ ಗೊತ್ತಾದ ಮದುವೆಗೆ ಸಾಮಾನ್ಯವಾಗಿ ಗಳಿಕೆ ರಜೆ ಕೇಳುವುದು ವಾಡಿಕೆ. ಆಯಾ ಸಂಸ್ಥೆಯ ನಿಯಮವನ್ನು ನೋಡಿಕೊಳ್ಳತಕ್ಕದ್ದು.

ನಮಗೆ ಹೆಚ್ಚು ಕೊರತೆಯೆನಿಸಿದ್ದು ‘ಫಂಕ್ಷನ್’ ಎಂಬ ಮಾತು. ನಾಮಕರಣವೂ ಫಂಕ್ಷನ್, ಗೃಹಪ್ರವೇಶವೂ ಫಂಕ್ಷನ್. ಯಾರ ಕಾರ್ಯವೆಂದು ಕೇಳಿದೆವು. ತಂಗಿಯ ಮದುವೆ, ತಂದೆ ಲಿಂಗೈಕ್ಯರಾಗಿದ್ದಾರೆ, ಧಾರೆಯ ಹೊತ್ತಿಗೆ ತಂದೆಯ ಸ್ಥಾನದಲ್ಲಿ ನಿಲ್ಲಬೇಕಾದವನು ಇವನೇ! ರಜೆಗೆ ಇದಕ್ಕಿಂತ ಬಲವಾದ ಕಾರಣ ಬೇಕೆ? ಅದೊಂದನ್ನೇ ಸಂಕೋಚದಿಂದ ಬಿಟ್ಟಿದ್ದನು. ಮನೆಯ ದುಃಖವನ್ನು ಕಚೇರಿಯಲ್ಲಿ ಹರಡಬೇಕಾಗಿಲ್ಲ, ಆದರೆ ಕಾರಣವನ್ನು ಒಂದು ವಾಕ್ಯದಲ್ಲಿ ಹೇಳುವುದು ಗೋಳಾಟವಲ್ಲ. ನಾವು ತಿದ್ದಿಕೊಟ್ಟ ಅರ್ಜಿ ಹೀಗಿದೆ:

“ಮಾನ್ಯ ವ್ಯವಸ್ಥಾಪಕರಿಗೆ,

ವಿಷಯ: ತಂಗಿಯ ವಿವಾಹದ ನಿಮಿತ್ತ 4 ದಿನಗಳ ಗಳಿಕೆ ರಜೆಯನ್ನು ಕೋರಿ.

ಮಾನ್ಯರೆ, ನನ್ನ ತಂಗಿಯ ವಿವಾಹವು ಮೇ 14, ಗುರುವಾರದಂದು ಹರಿಹರದ ಸಮೀಪದ ನಮ್ಮ ಊರಿನಲ್ಲಿ ನಿಶ್ಚಯವಾಗಿದೆ. ತಂದೆಯವರು ಇಲ್ಲದ ಕಾರಣ ಹಿರಿಯ ಮಗನಾದ ನಾನೇ ಮುಂದೆ ನಿಂತು ಕಾರ್ಯವನ್ನು ನಡೆಸಬೇಕಾಗಿದೆ. ಆದ್ದರಿಂದ ಮೇ 13, ಬುಧವಾರದಿಂದ ಮೇ 16, ಶನಿವಾರದವರೆಗೆ 4 ದಿನಗಳ ಗಳಿಕೆ ರಜೆಯನ್ನು ಮಂಜೂರು ಮಾಡಿ, 17ರ ಭಾನುವಾರವನ್ನು ಅದಕ್ಕೆ ಜೋಡಿಸಿಕೊಳ್ಳಲು ಅನುಮತಿ ನೀಡಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ. 18ರ ಸೋಮವಾರ ಕೆಲಸಕ್ಕೆ ಹಾಜರಾಗುತ್ತೇನೆ.

ನನ್ನಲ್ಲಿರುವ ಬಾಕಿ ಬಿಲ್ಲುಗಳನ್ನು 12ರ ಸಂಜೆಯೊಳಗೆ ಮುಗಿಸುತ್ತೇನೆ. ಅನಂತರ ಬರುವವುಗಳನ್ನು ನೋಡಿಕೊಳ್ಳಲು ನಮ್ಮ ವಿಭಾಗದ ಹಿರಿಯ ಗುಮಾಸ್ತರು ಒಪ್ಪಿದ್ದಾರೆ. ತುರ್ತು ವಿಷಯವಿದ್ದಲ್ಲಿ ದೂರವಾಣಿಯಲ್ಲಿ ದೊರೆಯುತ್ತೇನೆ.

ತಮ್ಮ ವಿಧೇಯ,”

ಇದರ ಕೆಳಗೆ ಸಹಿ, ಹೆಸರು, ಹುದ್ದೆ, ದಿನಾಂಕ.

‘ಬರುವುದಿಲ್ಲ’ ಎಂಬುದರ ಸ್ಥಾನದಲ್ಲಿ ‘ಮಂಜೂರು ಮಾಡಬೇಕೆಂದು ವಿನಂತಿಸುತ್ತೇನೆ’ ಎಂಬುದು ಬಂದೊಡನೆ ನಿರ್ಣಯವು ವ್ಯವಸ್ಥಾಪಕರ ಕೈಗೆ ಮರಳಿತು. ಬಿಲ್ಲುಗಳ ಮಾತು ಅವರ ಚಿಂತೆಯನ್ನು ಅವರು ಕೇಳುವ ಮೊದಲೇ ಕಳೆಯಿತು. ಟಿಕೆಟಿನ ಸುದ್ದಿ ತೆಗೆದುಹಾಕಿದ್ದೇವೆ. ‘ತಮ್ಮ’ ಎಂದು ಆರಂಭಿಸಿದವರು ನಡುವೆ ‘ನಿಮ್ಮ’ ಎಂದು ಇಳಿಯಬಾರದು. ಇದು ಅನೇಕರಲ್ಲಿ ಕಾಣುವ ದೋಷ. ಹಾಗೆಂದು ‘ಪಾದಾರವಿಂದಗಳಲ್ಲಿ ಬೇಡಿಕೊಳ್ಳುವ’ ಎಂಬಂತಹ ಮಾತುಗಳನ್ನು ತುಂಬುವುದು ಗೌರವವಲ್ಲ. ಅವು ಮಠದ ಬಿನ್ನವತ್ತಳೆಗೇ ಹೊರೆಯಾಗುವ ಮಾತುಗಳು, ಕಚೇರಿಗಂತೂ ಸಲ್ಲವು.

ಹುಡುಗನಿಗೆ ಮತ್ತೊಂದು ಆಸೆಯಿತ್ತು. ‘ತಾವೂ ಮದುವೆಗೆ ಬರಬೇಕು’ ಎಂದು ಅರ್ಜಿಯ ಕೊನೆಯಲ್ಲಿ ಸೇರಿಸಲೇ ಎಂದನು. ಬೇಡವೆಂದೆವು. ರಜೆ ಬೇಡುವ ಕಾಗದದಲ್ಲಿ ಔತಣದ ಮಾತು ಬಂದರೆ ಅದು ಪುಸಲಾಯಿಸಿದಂತೆ ತೋರುತ್ತದೆ. ರಜೆ ಮಂಜೂರಾದ ಮೇಲೆ ಲಗ್ನಪತ್ರಿಕೆಯನ್ನು ಹಿಡಿದು, ಸಾಧ್ಯವಾದರೆ ತಾಯಿಯನ್ನೂ ಕರೆದುಕೊಂಡು ಅವರ ಮನೆಗೇ ಹೋಗಿ ಕರೆಯುವಂತೆ ಹೇಳಿ ಕಳುಹಿಸಿದೆವು.