ನಾಲ್ಕು ಫೈಲು, ಒಂದು ಸಾಲಿನ ಮೆಸೇಜು

"ಅಕ್ಕಾ, ಇವನ್ನ ಕಂಪೇರ್ ಮಾಡಿ ಯಾವುದು ಬೆಸ್ಟ್ ಹೇಳು." ಇಷ್ಟೇ ಮೆಸೇಜು, ಕೆಳಗೆ ನಾಲ್ಕು ಫೈಲು. ಆಸ್ಪತ್ರೆಯೊಂದರ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೂತು ಕೆಲಸ ಮಾಡುವವಳು ನಾನು. ಹಾಗಾಗಿ ನೆಂಟರಿಷ್ಟರ ಪಾಲಿಸಿಗಳೆಲ್ಲ ಕೊನೆಗೆ ನನ್ನ ವಾಟ್ಸಾಪಿಗೇ ಬಂದು ಬೀಳುತ್ತವೆ. ಈ ಸಲ ಕಳಿಸಿದವನು ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ. ಪಾಲಿಸಿ ಬೇಕಾಗಿದ್ದದ್ದು ತಿಪಟೂರಿನಲ್ಲಿರುವ ಚಿಕ್ಕಪ್ಪ, ಚಿಕ್ಕಮ್ಮನಿಗೆ.

ಇಂಥ ಮೆಸೇಜಿಗೆ ತಕ್ಷಣ ಉತ್ತರ ಕೊಡೋಕಾಗಲ್ಲ. ಒಂದೊಂದು ಪಾಲಿಸಿಯಲ್ಲೂ ನಲವತ್ತು ಪುಟ, ಪುಟಕ್ಕೆ ಹತ್ತು ವ್ಯತ್ಯಾಸ. ಎಲ್ಲವನ್ನೂ ಪಟ್ಟಿ ಮಾಡಿ ಕೊಟ್ಟರೆ ಅವನ ತಲೆ ಇನ್ನಷ್ಟು ಕೆಡುತ್ತದೆ. ಯಾವ ವ್ಯತ್ಯಾಸ ಮುಖ್ಯ ಅನ್ನೋದು ಫೈಲಿನಲ್ಲಿ ಬರೆದಿರುವುದಿಲ್ಲ, ಮನೆಯವರ ದೇಹದಲ್ಲಿ ಮತ್ತು ಜೇಬಿನಲ್ಲಿ ಇರುತ್ತದೆ.

ಆದರೆ ಅದಕ್ಕೂ ಮೊದಲು ನೋಡಬೇಕಾದ್ದು, ಈ ನಾಲ್ಕು ಫೈಲುಗಳು ಒಂದೇ ಜಾತಿಯವಾ ಅಂತ. ಮೊದಲನೆಯದು ಬಣ್ಣಬಣ್ಣದ ಬ್ರೋಷರ್, ಅದರಲ್ಲಿ ಪ್ರೀಮಿಯಂ ಇಲ್ಲವೇ ಇಲ್ಲ. ಎರಡನೆಯದರ ಹೆಸರು `Final_quote_new.pdf`: ಐದು ಲಕ್ಷದ ಕವರು, ವರ್ಷಕ್ಕೆ 42,480 ರೂಪಾಯಿ. ಮೂರನೆಯದು ಹತ್ತು ಲಕ್ಷದ ಕವರು, 1,53,000 ರೂಪಾಯಿ. ನಾಲ್ಕನೆಯದು ಏಜೆಂಟರು ತಾವೇ ಮಾಡಿದ ಎಕ್ಸೆಲ್ ಶೀಟು, ತುಂಬಾ ಹಸಿರು ಟಿಕ್ ಮಾರ್ಕು. ಅವರಿಗೆ ಬೇಕಾದ ಪಾಲಿಸಿಗೆ ಒಂದೆರಡು ಟಿಕ್ ಜಾಸ್ತಿ ಬಿದ್ದಿತ್ತು, ಅದು ಬಿಡಿ.

ತಮ್ಮನಿಗೆ ಮೂರನೆಯದು ವಿಪರೀತ ದುಬಾರಿ ಅನ್ನಿಸಿತ್ತು. ಆದರೆ 1,53,000 ಅನ್ನೋದು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟುವ ಮೊತ್ತ, ವರ್ಷಕ್ಕೆ 51,000. ಎರಡನೆಯ ಕೋಟ್ 2025ರ ಆಗಸ್ಟಿನದು, ಅದರಲ್ಲಿ ಶೇಕಡ 18 ಜಿಎಸ್‌ಟಿ ಸೇರಿತ್ತು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ. ಅದನ್ನು ತೆಗೆದರೆ 36,000. ಅಂದರೆ ನಿಜವಾದ ಪೈಪೋಟಿ ಐದು ಲಕ್ಷಕ್ಕೆ 36,000, ಹತ್ತು ಲಕ್ಷಕ್ಕೆ 51,000. ಹಳೆಯ ಕೋಟ್ ಆದ್ದರಿಂದ ಹೊಸದೊಂದನ್ನು ತರಿಸು ಅಂದೆ. ಬ್ರೋಷರನ್ನು ಪಕ್ಕಕ್ಕಿಟ್ಟೆ, ಬೆಲೆಯೇ ಇಲ್ಲದ್ದನ್ನು ತೂಗೋದು ಹೇಗೆ? ಎರಡಕ್ಕೂ ಪಾಲಿಸಿ ವರ್ಡಿಂಗ್ ಮತ್ತು ಗ್ರಾಹಕ ಮಾಹಿತಿ ಪತ್ರ ತರಿಸಿಕೊಂಡೆ. ಈ ಎರಡನೆಯದನ್ನು ಕಂಪನಿಗಳು ಕೊಡಲೇಬೇಕು. ಕಾಯುವ ಅವಧಿ, ಮಿತಿಗಳು, ಕೋ-ಪೇ ಎಲ್ಲ ಕೆಲವೇ ಪುಟದಲ್ಲಿ ಸಿಗುತ್ತವೆ.

ಆಮೇಲೆ ಅವನಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆ. ಈಗಾಗಲೇ ಯಾರಿಗೆ ಏನಿದೆ? ಅಡ್ಮಿಟ್ ಆಗೋ ಪರಿಸ್ಥಿತಿ ಬಂದರೆ ಯಾವ ಊರು, ಎಂಥ ರೂಮು? ಆ ದಿನ ಕೈಯಿಂದ ಎಷ್ಟು ಹಾಕಬಲ್ಲೆ?

"ಅಮ್ಮನಿಗೆ 58, ಆರು ವರ್ಷದಿಂದ ಶುಗರ್. ಮಂಡಿ ನೋವು, ಸವೆದಿದೆ ಅಂತ ಡಾಕ್ಟರು ಚೀಟಿಯಲ್ಲೇ ಬರೆದಿದ್ದಾರೆ, ಈಗಲೇ ಆಪರೇಷನ್ ಬೇಡ ಅಂದ್ರು. ಅಪ್ಪನಿಗೆ 63, ಬಿಪಿ. ಏನಾದ್ರೂ ಆದ್ರೆ ಬೆಂಗಳೂರಿಗೇ ಕರ್ಕೊಂಡ್ ಬರ್ತೀನಿ, ಅಪ್ಪನಿಗೆ ಸಿಂಗಲ್ ರೂಮೇ ಆಗ್ಬೇಕು. ಕೈಯಲ್ಲಿ ಒಂದು ಐವತ್ತು ಸಾವಿರ ಹೊಂದಿಸ್ಬಹುದಕ್ಕಾ."

ಈ ಉತ್ತರ ಬಂದ ಮೇಲೆ ನಲವತ್ತು ಪುಟ ತನ್ನಷ್ಟಕ್ಕೆ ಚಿಕ್ಕದಾಯಿತು. ಉಚಿತ ಚೆಕಪ್, ಹೆರಿಗೆ ಕವರು, ಜಿಮ್ ರಿಯಾಯಿತಿ ಎಲ್ಲ ಹೋಯಿತು. ಉಳಿದದ್ದು ರೂಮು, ಕೋ-ಪೇ, ಕಾಯುವ ಅವಧಿ.

ರೂಮಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ನಮ್ಮ ಡೆಸ್ಕಿನ ಮುಂದೆ ಅತಿ ಹೆಚ್ಚು ಜಗಳ ಆಗೋದೇ ಇದರಿಂದ. ಎರಡನೆಯ ಪಾಲಿಸಿಯಲ್ಲಿ ರೂಮ್ ಬಾಡಿಗೆ ಮಿತಿ ದಿನಕ್ಕೆ ಕವರಿನ ಶೇಕಡ 1, ಅಂದರೆ 5,000. ಸಿಂಗಲ್ ರೂಮಿಗೆ ದಿನಕ್ಕೆ 8,000 ಇದೆ ಅಂದುಕೊಳ್ಳಿ, ನಾಲ್ಕು ದಿನ. "ಹೆಚ್ಚುವರಿ 3,000ದಂತೆ 12,000 ನಾವು ಕೊಟ್ಟರಾಯ್ತು" ಅಂತ ಎಲ್ಲರ ಲೆಕ್ಕ. ಹಾಗಲ್ಲ. ದೊಡ್ಡ ರೂಮಿಗೆ ಹೋದಷ್ಟೂ ಡಾಕ್ಟರ್ ಫೀಸು, ಥಿಯೇಟರ್, ನರ್ಸಿಂಗ್ ದರಗಳೂ ಏರುವ ಆಸ್ಪತ್ರೆಗಳಲ್ಲಿ ಆ ಖರ್ಚುಗಳನ್ನೂ ಅದೇ ಅನುಪಾತದಲ್ಲಿ, ಇಲ್ಲಿ ಎಂಟರಲ್ಲಿ ಐದು ಭಾಗಕ್ಕೆ, ಇಳಿಸುತ್ತಾರೆ. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತ ಇಲ್ಲ, ಐಸಿಯುಗೂ ಇಲ್ಲ.

ಮೂರು ಲಕ್ಷದ ಬಿಲ್ಲು ತೆಗೆದುಕೊಳ್ಳೋಣ. ರೂಮು 32,000, ಡಾಕ್ಟರ್ ಮತ್ತು ಥಿಯೇಟರ್ ಎಲ್ಲ ಸೇರಿ 1,60,000, ಔಷಧಿ-ಇಂಪ್ಲಾಂಟ್-ಪರೀಕ್ಷೆ 1,08,000. ರೂಮಿಗೆ ಒಪ್ಪುವುದು 20,000. 1,60,000ಕ್ಕೆ ಒಪ್ಪುವುದು ಒಂದು ಲಕ್ಷ. ಉಳಿದದ್ದು ಪೂರ್ತಿ. ಒಟ್ಟು 2,28,000. ಇಲ್ಲಿಗೇ 72,000 ಕೈಯಿಂದ ಹೋಯಿತು.

ಇನ್ನು ಕೋ-ಪೇ. ಎರಡನೆಯ ಪಾಲಿಸಿಯಲ್ಲಿ, 60 ದಾಟಿದ ಮೇಲೆ ಸೇರಿದವರಿದ್ದರೆ ಶೇಕಡ 20 ಅಂತ ಒಂದು ಸಾಲು, ಇಪ್ಪತ್ತೆರಡನೆಯ ಪುಟದಲ್ಲಿ. ಚಿಕ್ಕಪ್ಪನಿಗೆ 63. 2,28,000ದಲ್ಲಿ ಇನ್ನೂ 45,600 ಕಳೆದರೆ ಕಂಪನಿ ಕೊಡೋದು 1,82,400. ಮನೆಯವರ ಪಾಲು 1,17,600. ಐವತ್ತು ಸಾವಿರ ಅಂದಿದ್ದನಲ್ಲ, ಅದರ ಎರಡು ಪಟ್ಟಿಗಿಂತಲೂ ಜಾಸ್ತಿ. ವರ್ಷಕ್ಕೆ 15,000 ಉಳಿಸಲು ಹೋಗಿ ಬರುವ ಬಿಲ್ಲು ಇದು. ಮೂರನೆಯ ಪಾಲಿಸಿಯಲ್ಲಿ ಸಿಂಗಲ್ ಪ್ರೈವೇಟ್ ರೂಮು ಪೂರ್ತಿ, ಕೋ-ಪೇ ಇಲ್ಲ.

ಹಾಗಾದರೆ ಮೂರನೆಯದೇ ಅಂತ ಅವನು ಆಗಲೇ ಹೊರಟಿದ್ದ. ತಾಳು ಅಂದೆ. ಮೊದಲೇ ಇರುವ ಕಾಯಿಲೆಗೆ ಎರಡನೆಯದರಲ್ಲಿ 24 ತಿಂಗಳು ಕಾಯಬೇಕು, ಮೂರನೆಯದರಲ್ಲಿ 36. ಈಗಿನ ನಿಯಮದ ಪ್ರಕಾರ 36ಕ್ಕಿಂತ ಹೆಚ್ಚು ಇಡುವ ಹಾಗಿಲ್ಲ, ಆದರೆ ಅಷ್ಟರವರೆಗೆ ಇಡಬಹುದು. ಕೀಲು ಬದಲಾವಣೆಗೆ ಎರಡರಲ್ಲೂ 24 ತಿಂಗಳು ಅಂತ ಬೇರೆ ಪಟ್ಟಿಯಲ್ಲಿದೆ, ಎಕ್ಸೆಲ್ ಶೀಟಿನಲ್ಲಿ ಹಾಕಿದ್ದೂ ಅದನ್ನೇ. ಅದರ ಕೆಳಗಿನ ಸಾಲನ್ನು ಬಿಟ್ಟಿದ್ದರು: ಪಟ್ಟಿಯಲ್ಲಿರುವ ಕಾಯಿಲೆ ಮೊದಲೇ ಇದ್ದದ್ದಾದರೆ ಎರಡು ಅವಧಿಗಳಲ್ಲಿ ಉದ್ದದ್ದೇ ಅನ್ವಯ. ಚಿಕ್ಕಮ್ಮನ ಮಂಡಿ ಸವೆತ ಚೀಟಿಯಲ್ಲೇ ಇದೆ. ಹಾಗಾಗಿ ಮೂರನೆಯದರಲ್ಲಿ ಮಂಡಿಗೆ ಮೂರು ವರ್ಷ. ಬಿಪಿಯಿಂದ ನೇರವಾಗಿ ಬರುವ ತೊಂದರೆಗಳಿಗೂ ಅಷ್ಟೇ.

"ಹಂಗಿದ್ರೆ ಮಂಡಿ ವಿಷಯ ಬರೀದೇ ಬಿಟ್ರೆ?" ಅಂತ ಕೇಳಿದ. ಕೇಳೋದು ಸಹಜ, ಎಲ್ಲರೂ ಕೇಳ್ತಾರೆ. ಅಡ್ಮಿಟ್ ಆದ ದಿನ ನಮ್ಮ ಡಾಕ್ಟರು "ಎಷ್ಟು ದಿನದಿಂದ ನೋವು?" ಅಂತ ಕೇಳ್ತಾರೆ, ಚಿಕ್ಕಮ್ಮ ಪ್ರಾಮಾಣಿಕವಾಗಿ "ಐದಾರು ವರ್ಷ ಆಯ್ತಪ್ಪ" ಅಂತಾರೆ, ಅದು ಕೇಸ್ ಶೀಟಿನಲ್ಲಿ ಬರುತ್ತೆ, ಶೀಟು ಕಂಪನಿಗೆ ಹೋಗುತ್ತೆ. ಮುಚ್ಚಿಟ್ಟದ್ದಕ್ಕೆ ಕ್ಲೇಮ್ ಹೋಗುವುದಲ್ಲದೆ ಪಾಲಿಸಿಯೇ ರದ್ದಾಗಬಹುದು.

ಈಗ ಆಯ್ಕೆ ಅವನ ಎದುರು ಸರಿಯಾಗಿ ನಿಂತಿತು: ಒಂದು ವರ್ಷ ಬೇಗ ಸಿಗುವ ಮಂಡಿ ಕವರು, ಆದರೆ ಪ್ರತಿ ಬಿಲ್ಲಿನಲ್ಲೂ ಕಡಿತ. ಇಲ್ಲವೇ ಒಂದು ವರ್ಷ ತಡ, ಆದರೆ ಬಿಲ್ಲು ಹೆಚ್ಚುಕಡಿಮೆ ಪೂರ್ತಿ. ಗ್ಲೌಸು ಗೀಸು ಅಂತ ಸಣ್ಣಪುಟ್ಟ ಕಡಿತ ಅದರಲ್ಲೂ ಇರುತ್ತದೆ ಅಂತಲೂ ಹೇಳಿದೆ. ಎರಡು ದಿನ ಬಿಟ್ಟು, ಚಿಕ್ಕಮ್ಮನನ್ನು ಮತ್ತೆ ಡಾಕ್ಟರಿಗೆ ತೋರಿಸಿ, ವ್ಯಾಯಾಮದಲ್ಲೇ ಕೆಲವು ವರ್ಷ ತಳ್ಳಬಹುದು ಅಂತ ಕೇಳಿಕೊಂಡು ಬಂದ. ಮೂರನೆಯದಕ್ಕೆ ಅರ್ಜಿ ಹಾಕಿದ. ಶುಗರ್, ಬಿಪಿ, ಮಂಡಿ ಮೂರನ್ನೂ ಬರೆದು, ಚೀಟಿಯ ಫೋಟೊ ಸೇರಿಸಿ. ಮಂಡಿಗೆ ಅಂತಲೇ ತಿಂಗಳಿಗೆ ನಾಲ್ಕು ಸಾವಿರದ ಆರ್‌ಡಿ ಒಂದನ್ನು ಶುರು ಮಾಡಿದ್ದಾನೆ, ಮೂರು ವರ್ಷದ್ದು.