ಜಾಹೀರಾತನ್ನು ಓದುವ ಬಗೆ

ಉದ್ಯೋಗದ ಜಾಹೀರಾತಿನಲ್ಲಿ ಎಂಟು ಅರ್ಹತೆಗಳಿದ್ದರೆ ಎಂಟಕ್ಕೂ ಉತ್ತರ ಕೊಡಬೇಕೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಆದರೆ ಅರ್ಜಿಯ ಪತ್ರ ಪರೀಕ್ಷೆಯ ಉತ್ತರಪತ್ರಿಕೆಯಲ್ಲ. ಎಂಟಕ್ಕೂ ಒಂದೊಂದು ಸಾಲು ಬರೆದವನು ಒಂದಕ್ಕೂ ಸಾಕ್ಷ್ಯ ಕೊಟ್ಟಿರುವುದಿಲ್ಲ. ಎರಡು ಮೂರನ್ನು ಆರಿಸಿಕೊಂಡು ಅವುಗಳಿಗಷ್ಟೇ ಪುರಾವೆ ಕೊಡುವುದು ಮೇಲೆಂಬುದು ನನ್ನ ಅಭಿಪ್ರಾಯ.

ಆರಿಸುವುದು ಹೇಗೆ? ಹಳ್ಳಿಯ ಶಾಲೆಗಳಲ್ಲಿ ಕೆಲಸ ಮಾಡುವ ಸಂಸ್ಥೆಯೊಂದು ಹೀಗೆ ಪ್ರಕಟಿಸಿದೆ ಎನ್ನೋಣ: “ಕ್ಷೇತ್ರ ಸಹಾಯಕರು ಬೇಕಾಗಿದ್ದಾರೆ. ಪದವಿ ಕಡ್ಡಾಯ. ತಿಂಗಳಿಗೆ 15 ದಿನ ಹಳ್ಳಿಗಳಲ್ಲಿ ಸಂಚರಿಸಿ ಪೋಷಕರ ಸಭೆ ನಡೆಸಬೇಕು. ವಾರಕ್ಕೊಮ್ಮೆ ವರದಿ ಒಪ್ಪಿಸಬೇಕು. ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಬಲ್ಲವರಾಗಿರಬೇಕು. ದ್ವಿಚಕ್ರ ವಾಹನದ ಪರವಾನಗಿ ಇದ್ದವರಿಗೆ ಆದ್ಯತೆ. ಉತ್ಸಾಹಿಗಳೂ ಶ್ರಮಜೀವಿಗಳೂ ಆಗಿರಬೇಕು.”

ಇದರಲ್ಲಿ ಪದವಿ, ಪರವಾನಗಿಗಳು ಇವೆ ಅಥವಾ ಇಲ್ಲ ಎಂದು ಹೇಳಿ ಮುಗಿಸುವ ಸಂಗತಿಗಳು. ಅವು ಸ್ವವಿವರದಲ್ಲಿ ಕಂಡರೆ ಸಾಕು. ‘ಕಡ್ಡಾಯ’ವೆಂದದ್ದು ಇಲ್ಲದಿದ್ದರೆ ಪತ್ರ ಎಷ್ಟು ಚೆನ್ನಾಗಿದ್ದರೂ ನಡೆಯುವುದು ಕಷ್ಟ, ‘ಆದ್ಯತೆ’ ಎಂದದ್ದು ಇಲ್ಲದಿದ್ದರೆ ಧೈರ್ಯವಾಗಿ ಅರ್ಜಿ ಹಾಕಬಹುದು. ಉತ್ಸಾಹ, ಶ್ರಮಗಳು ಎಲ್ಲ ಜಾಹೀರಾತುಗಳಲ್ಲಿಯೂ ಬರುವ ಮಾತುಗಳು. ‘ನಾನು ಶ್ರಮಜೀವಿ’ ಎಂದು ಬರೆಯದವರು ಯಾರು? ಅವನ್ನು ಬಿಟ್ಟುಬಿಡಬೇಕು.

ಉಳಿದದ್ದು ನಿಜವಾದ ಕೆಲಸ. ಇಲ್ಲಿ ಬರವಣಿಗೆಯ ಮಾತು ಎರಡು ಸಲ ಬಂದಿದೆ: ಕೆಲಸವಾಗಿ ಒಮ್ಮೆ, ಅರ್ಹತೆಯಾಗಿ ಇನ್ನೊಮ್ಮೆ. ಸಂಚಾರಕ್ಕೆ ದಿನಗಳ ಲೆಕ್ಕವನ್ನೇ ಕೊಟ್ಟಿದ್ದಾರೆ. ಮರಳಿ ಬಂದ ಮಾತು, ಅಂಕಿ ಹೊತ್ತು ಬಂದ ಮಾತು, ಇವು ಸಂಸ್ಥೆಗೆ ನಿಜವಾಗಿ ಬೇಕಾದದ್ದನ್ನು ತೋರಿಸುವ ಗುರುತುಗಳು. ಆದ್ದರಿಂದ ವರದಿ, ಸಭೆ, ಸಂಚಾರ, ಈ ಮೂರನ್ನೇ ಹಿಡಿಯಬೇಕು.

ಇನ್ನು ಪುರಾವೆಯ ಮಾತು. ‘ನನಗೆ ವರದಿ ಬರೆಯಲು ಬರುತ್ತದೆ’ ಎಂದರೆ ಅದು ಬರಿಯ ಹೇಳಿಕೆ. ‘ರಾಷ್ಟ್ರೀಯ ಸೇವಾ ಯೋಜನೆಯ 7 ದಿನಗಳ ಶಿಬಿರದಲ್ಲಿ ಪ್ರತಿದಿನದ ವರದಿಯನ್ನು ನಾನೇ ಬರೆದು ಒಪ್ಪಿಸಿದೆ’ ಎಂದರೆ ಸಾಕ್ಷ್ಯ. ನನ್ನಂತೆ ಮನೆಯಲ್ಲಿ ಮೊದಲು ಪದವಿಯ ಮೆಟ್ಟಿಲು ಹತ್ತಿದವರು ‘ನಮಗೆಲ್ಲಿಯ ಅನುಭವ’ ಎಂದು ಹಿಂಜರಿಯುವುದುಂಟು. ತಾಯಿಯ ಸ್ವಸಹಾಯ ಸಂಘದ ಸಭೆಗಳಿಗೆ ಹೋಗಿ ನಡಾವಳಿ ಬರೆದುಕೊಟ್ಟವಳಿಗೆ ಸಭೆಯ ಅನುಭವವೂ ಬರವಣಿಗೆಯ ಅನುಭವವೂ ಇದೆ. ಜಾಹೀರಾತನ್ನು ಸರಿಯಾಗಿ ಓದದಿದ್ದರೆ ಅದು ಅನುಭವವೆಂದು ಅವಳಿಗೇ ಹೊಳೆಯುವುದಿಲ್ಲ. ನಮ್ಮ ನಿಜವಾದ ನಷ್ಟ ಇದು.

ಸರ್ಕಾರಿ ನೇಮಕಾತಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ನಿಗದಿತ ನಮೂನೆ, ಅಂಕ, ಪರೀಕ್ಷೆಗಳೇ ಪ್ರಧಾನ. ಪತ್ರ ಕೇಳುವ ಕಡೆ ಮಾತ್ರ, ಕಳುಹಿಸುವ ಮುನ್ನ ಸಂಸ್ಥೆಯ ಹೆಸರನ್ನು ಬದಲಿಸಿ ಓದಿ ನೋಡಿ. ಪತ್ರ ಬೇರೆ ಕೆಲಸಕ್ಕೂ ಹಾಗೆಯೇ ಹೊಂದಿಕೊಂಡರೆ, ಜಾಹೀರಾತನ್ನು ಇನ್ನೊಮ್ಮೆ ಓದಬೇಕೆಂದೇ ಅರ್ಥ.