ಶೇ. 500 ಎಂದು ಕೂಗಬೇಡಿ, ರೂಪಾಯಿಯಲ್ಲಿ ಹೇಳಿ

‘ಶೇ. 500 ಡಿವಿಡೆಂಡ್! ಶುಕ್ರವಾರ ರೆಕಾರ್ಡ್ ಡೇಟ್. ಇವತ್ತೇ ಕೊಳ್ಳಿ!’ ಡಿಮ್ಯಾಟ್ ಖಾತೆ ತೆರೆದವರ ಫೋನಿಗೆ ಇಂಥ ಸಂದೇಶ ಬರುವುದು ಹೊಸತಲ್ಲ. ನೀವೂ ಓದಿರುತ್ತೀರಿ. ಎಲ್ಲೋ ಏನೋ ಸರಿಯಿಲ್ಲ ಎಂದು ಅನಿಸಿಯೂ ಇರುತ್ತದೆ. ಆದರೂ ಬಹಳಷ್ಟು ಮಂದಿ ಅದನ್ನು ಮುಂದಕ್ಕೆ ಕಳಿಸುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ಆ ಒಂದು ಸಾಲನ್ನು ನಂಬಿ ಹಣ ಹಾಕುವವರು ಪೇಟೆಯಲ್ಲಿ ಪಳಗಿದವರಲ್ಲ, ಮೊದಲ ಸಲ ಷೇರು ಕೊಳ್ಳುವವರು.

ನಮ್ಮ ಬೀದಿಯಲ್ಲಿ ಹೊಲಿಗೆ ಅಂಗಡಿ ನಡೆಸುವ ಹೆಣ್ಣುಮಗಳೊಬ್ಬಳು ಚೀಟಿ ಎತ್ತಿದ ಒಂದು ಲಕ್ಷ ರೂಪಾಯಿಯನ್ನು ಹೀಗೇ ಹಾಕಿದಳು. ಆಮೇಲೆ ಬಂದು, ‘ಅಣ್ಣಾ, ಲಕ್ಷಕ್ಕೆ ಐದು ಲಕ್ಷ ಯಾವಾಗ ಬರುತ್ತೆ?’ ಎಂದು ಕೇಳಿದಳು. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಲಕ್ಷದ ಶೇ. 500 ಎಂದರೆ ಐದು ಲಕ್ಷವೇ. ಯಾವುದರ ಶೇ. 500 ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಆ ಶೇಕಡಾವಾರು ನೀವು ಕೊಟ್ಟ ಬೆಲೆಯ ಮೇಲಲ್ಲ, ಷೇರಿನ ಮುಖಬೆಲೆಯ ಮೇಲೆ. ಮುಖಬೆಲೆ ಎಂದರೆ ಕಂಪನಿಯ ದಾಖಲೆಯಲ್ಲಿ ಷೇರಿಗೆ ನಮೂದಾಗಿರುವ ಮೊತ್ತ. ಅದು ಸಾಮಾನ್ಯವಾಗಿ 1, 2, 5 ಅಥವಾ 10 ರೂಪಾಯಿ ಇರುತ್ತದೆ. ಪೇಟೆಯಲ್ಲಿ ಷೇರು ಎಷ್ಟಕ್ಕೆ ಮಾರಾಟವಾಗುತ್ತಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅವಳು ಕೊಂಡ ಷೇರಿನ ಮುಖಬೆಲೆ 2 ರೂಪಾಯಿ, ಪೇಟೆಯ ಬೆಲೆ 400 ರೂಪಾಯಿ. ಎರಡು ರೂಪಾಯಿಯ ಶೇ. 500 ಎಂದರೆ ಷೇರಿಗೆ 10 ರೂಪಾಯಿ. 400 ಕೊಟ್ಟವಳಿಗೆ 10 ಸಿಕ್ಕಿದರೆ ಅದು ಶೇ. 2.5. ಡಿವಿಡೆಂಡ್ ಯೀಲ್ಡ್ ಎನ್ನುವುದು ಇದನ್ನೇ: ವರ್ಷದಲ್ಲಿ ಒಂದು ಷೇರಿಗೆ ಬಂದ ಲಾಭಾಂಶವನ್ನು ಷೇರಿನ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸಿಗುವ ಅಂಕಿ. ಹಾಕಿದ ಹಣಕ್ಕೆ ಎಷ್ಟು ಬಂತು ಎಂದು ತಿಳಿಸುವುದು ಅದು. ಶೇ. 500 ಅದನ್ನು ತಿಳಿಸುವುದೇ ಇಲ್ಲ.

ಗಮನಿಸಿ, ಪಟ್ಟಿಯಾದ ಕಂಪನಿಗಳು ಲಾಭಾಂಶವನ್ನು ಒಂದು ಷೇರಿಗೆ ಇಷ್ಟು ರೂಪಾಯಿ ಎಂದೇ ಪ್ರಕಟಿಸಬೇಕು ಎಂಬುದು ಸೆಬಿಯ ನಿಯಮ. ಆ ಕಂಪನಿಯ ಪ್ರಕಟಣೆಯಲ್ಲೂ ‘ಷೇರಿಗೆ 10 ರೂಪಾಯಿ’ ಎಂದೇ ಇತ್ತು. ಅದನ್ನು ಓದಿ, ಹತ್ತನ್ನು ಬದಿಗಿಟ್ಟು, ಐನೂರನ್ನು ದಪ್ಪಕ್ಷರದಲ್ಲಿ ಬರೆದವನಿಗೆ ಲೆಕ್ಕ ಗೊತ್ತಿತ್ತು. ಗೊತ್ತಿದ್ದೇ ಬರೆದ. ತಿಳಿಯದೆ ಆದ ತಪ್ಪನ್ನು ಕ್ಷಮಿಸಬಹುದು, ಇದನ್ನು ಹೇಗೆ ಕ್ಷಮಿಸುವುದು?

ಅಷ್ಟಕ್ಕೇ ನಿಲ್ಲದೆ ಅವರು ‘ರೆಕಾರ್ಡ್ ಡೇಟ್ ಒಳಗೆ ಕೊಳ್ಳಿ’ ಎಂದು ಅವಸರವನ್ನೂ ಹುಟ್ಟಿಸುತ್ತಾರೆ. ಯಾರಿಗೆ ಲಾಭಾಂಶ ಕೊಡಬೇಕೆಂದು ಗೊತ್ತುಮಾಡಲು ಕಂಪನಿ ಒಂದು ದಿನವನ್ನು ನಿಗದಿ ಮಾಡುತ್ತದೆ. ಆ ದಿನದ ಕೊನೆಗೆ ಯಾರ ಡಿಮ್ಯಾಟ್ ಖಾತೆಯಲ್ಲಿ ಷೇರು ಇದೆಯೋ ಅವರಿಗೆ ಹಣ. ಆದರೆ ಇವತ್ತು ಕೊಂಡ ಷೇರು ಸಾಮಾನ್ಯವಾಗಿ ಇವತ್ತೇ ಖಾತೆಗೆ ಬರುವುದಿಲ್ಲ, ಮುಂದಿನ ವಹಿವಾಟಿನ ದಿನ ಬರುತ್ತದೆ. 2023ರ ಜನವರಿ 27ರಿಂದ ಎಲ್ಲ ಷೇರುಗಳಿಗೂ ಇದೇ ವ್ಯವಸ್ಥೆ. ಹಾಗಾಗಿ ಶುಕ್ರವಾರ ರೆಕಾರ್ಡ್ ಡೇಟ್ ಆದರೆ ಗುರುವಾರದೊಳಗೆ ಕೊಂಡಿರಬೇಕು. ಗುರುವಾರ ಪೇಟೆಗೆ ರಜೆಯಿದ್ದರೆ ಬುಧವಾರವೇ ಕೊನೆ. ಶುಕ್ರವಾರ ಕೊಂಡವರಿಗೆ ಲಾಭಾಂಶವಿಲ್ಲ. ಆ ದಿನ ಮಾರಿದವರಿಗೆ ಉಂಟು, ಏಕೆಂದರೆ ಅವರ ಖಾತೆಯಿಂದ ಷೇರು ಹೋಗುವುದು ಮುಂದಿನ ವಹಿವಾಟಿನ ದಿನ. ಲಾಭಾಂಶದ ಹಕ್ಕಿಲ್ಲದೆ ಷೇರು ವಹಿವಾಟಾಗುವ ಆ ದಿನಕ್ಕೆ ಎಕ್ಸ್ ಡೇಟ್ ಎನ್ನುತ್ತಾರೆ. ಈಗ ಸಾಮಾನ್ಯವಾಗಿ ಅದೂ ರೆಕಾರ್ಡ್ ಡೇಟೂ ಒಂದೇ ದಿನ.

ಆ ಹೆಣ್ಣುಮಗಳು ಗುರುವಾರ 400 ರೂಪಾಯಿಯಂತೆ 250 ಷೇರು ಕೊಂಡಿದ್ದಳು. ಶುಕ್ರವಾರ ಬೆಳಿಗ್ಗೆ ಬೆಲೆ 390ಕ್ಕೆ ಇಳಿದಿತ್ತು. ಯಾರೂ ಸಂಚು ಮಾಡಿ ಇಳಿಸಿದ್ದಲ್ಲ. ಷೇರಿಗೆ ಹತ್ತು ರೂಪಾಯಿ ಕಂಪನಿಯ ಖಜಾನೆಯಿಂದ ಹೊರಹೋಗುವುದು ನಿಶ್ಚಿತ, ಶುಕ್ರವಾರ ಕೊಳ್ಳುವವನಿಗೆ ಅದು ಸಿಗುವುದಿಲ್ಲ. ಸಿಗದ ಹತ್ತಕ್ಕೆ ಅವನು ಯಾಕೆ ಬೆಲೆ ಕೊಟ್ಟಾನು? ಲಾಭಾಂಶ ಚಿಕ್ಕದಾಗಿದ್ದರೆ ಈ ಇಳಿಕೆ ದಿನದ ಏರಿಳಿತದಲ್ಲಿ ಕಾಣದೆ ಹೋಗಬಹುದು, ಆದರೆ ಲೆಕ್ಕ ಅದೇ. ಅವಳ ಲಕ್ಷ 97,500 ಆಯಿತು. ಕೆಲವು ವಾರಗಳ ಮೇಲೆ ಬ್ಯಾಂಕಿಗೆ 2,500 ಬಂತು. ತನ್ನದೇ ಹಣ ಒಂದು ಜೇಬಿನಿಂದ ಇನ್ನೊಂದಕ್ಕೆ ಬಂದಂತಾಯಿತು ಅಷ್ಟೆ, ಮೇಲೆ ದಲ್ಲಾಳಿಯ ಶುಲ್ಕ ಬೇರೆ. 2020ರ ಏಪ್ರಿಲ್‌ನಿಂದ ಲಾಭಾಂಶವೂ ಷೇರುದಾರರ ಆದಾಯಕ್ಕೆ ಸೇರುತ್ತದೆ. ತೆರಿಗೆ ಕಟ್ಟುವವರಿಗೆ ಅದರಲ್ಲೂ ಒಂದು ಪಾಲು ಹೋಗುತ್ತದೆ. ಷೇರು ಮಾರಿ ಆದ ನಷ್ಟವನ್ನು ಆ ಲಾಭಾಂಶದಲ್ಲಿ ಕಳೆಯಲೂ ಬರುವುದಿಲ್ಲ.

ಒಳ್ಳೆಯ ಕಂಪನಿಯ ಷೇರನ್ನು ವರ್ಷಗಟ್ಟಲೆ ಇಟ್ಟುಕೊಂಡು ಲಾಭಾಂಶ ಪಡೆಯುವುದರಲ್ಲಿ ಏನೂ ತಪ್ಪಿಲ್ಲ. ನನ್ನ ತಕರಾರು ಅದರ ಮೇಲಲ್ಲ. ಹಿಂದಿನ ದಿನ ಕೊಂಡರೆ ಪುಕ್ಕಟೆ ಹಣ ಸಿಗುತ್ತದೆ ಎಂದು ನಂಬಿಸುವವರ ಮೇಲೆ.

ಯೀಲ್ಡ್ ಗೊತ್ತಿದೆ ಎನ್ನುವವರನ್ನೂ ಇವರು ಬಿಡುವುದಿಲ್ಲ. ಯೀಲ್ಡ್ ಹೆಚ್ಚಿರುವ ಷೇರುಗಳ ಪಟ್ಟಿ ಮಾಡಿ ಹಂಚುತ್ತಾರೆ. ಆ ಅಂಕಿ ಕಳೆದ ವರ್ಷದ್ದು ಎಂಬುದನ್ನು ಮಾತ್ರ ಹೇಳುವುದಿಲ್ಲ. 2022-23ರಲ್ಲಿ ವೇದಾಂತ ಕಂಪನಿ ಐದು ಕಂತುಗಳಲ್ಲಿ ಷೇರಿಗೆ ಒಟ್ಟು 101.50 ರೂಪಾಯಿ ಕೊಟ್ಟಿತು. ಆ ವರ್ಷದ ಕೊನೆಗೆ ಷೇರಿನ ಬೆಲೆ 270ರ ಆಸುಪಾಸು. ಭಾಗಿಸಿದರೆ ಯೀಲ್ಡ್ ಶೇ. 37ಕ್ಕೂ ಹೆಚ್ಚು. ಮರುವರ್ಷ ಅದೇ ಕಂಪನಿ ಕೊಟ್ಟದ್ದು 29.50 ರೂಪಾಯಿ. ಕಂಪನಿ ಏನನ್ನೂ ಮುಚ್ಚಿಟ್ಟಿರಲಿಲ್ಲ. ಆದರೆ ಶೇ. 37 ಪ್ರತಿ ವರ್ಷ ಬರುತ್ತದೆ ಎಂದು ನಂಬಿ ಕೊಂಡವನ ಪಾಡೇನು? ಬೆಲೆ ಬಿದ್ದರೂ ಯೀಲ್ಡ್ ಏರಿದಂತೆ ಕಾಣುತ್ತದೆ. 400ರ ಷೇರು 200ಕ್ಕೆ ಕುಸಿದರೆ ಅದೇ ಹತ್ತು ರೂಪಾಯಿ ಶೇ. 5 ಆಗಿಬಿಡುತ್ತದೆ. ಅಂಥ ಏರಿಕೆಯನ್ನು ಕಂಡರೆ ಹಿಗ್ಗಬಾರದು, ಬೆಲೆ ಯಾಕೆ ಬಿತ್ತು ಎಂದು ಕೇಳಬೇಕು.

ಹೊಸ ಷೇರುದಾರರೇ, ಮಾಡಬೇಕಾದದ್ದು ಹೆಚ್ಚೇನಿಲ್ಲ. ಷೇರುಪೇಟೆಯ ಜಾಲತಾಣದಲ್ಲಿ ಕಂಪನಿಯ ಮೂಲ ಪ್ರಕಟಣೆಯನ್ನೇ ತೆರೆಯಿರಿ. ಷೇರಿಗೆ ಎಷ್ಟು ರೂಪಾಯಿ, ರೆಕಾರ್ಡ್ ಡೇಟ್ ಯಾವುದು ಎಂದು ನೋಡಿ, ಆ ರೂಪಾಯಿಯನ್ನು ಇವತ್ತಿನ ಬೆಲೆಯಿಂದ ಭಾಗಿಸಿ. ಲಾಭಾಂಶವೇ ಇಲ್ಲದಿದ್ದರೂ ಈ ಷೇರನ್ನು ಕೊಳ್ಳುತ್ತಿದ್ದೆನೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲ ಎಂದಾದರೆ ಆ ಗುರುವಾರ ಸುಮ್ಮನಿರಿ.

ಬಲ್ಲವರಿಗೆ ನನ್ನ ಮಾತು ಬೇರೆ. ಗುಂಪಿನಲ್ಲಿ ಶೇ. 500 ಎಂದು ಬಂದಾಗ ‘ಮುಖಬೆಲೆ ಎರಡು, ಷೇರಿಗೆ ಹತ್ತು ರೂಪಾಯಿ, ಯೀಲ್ಡ್ ಎರಡೂವರೆ’ ಎಂದು ಒಂದು ಸಾಲು ಬರೆಯಲು ನಿಮಗೆ ಅರ್ಧ ನಿಮಿಷ ಸಾಕು. ನಮಗೇಕೆ ಊರ ಉಸಾಬರಿ ಎಂದು ಸುಮ್ಮನಿದ್ದೀರಲ್ಲ, ಅದೇ ಗುಂಪಿನಲ್ಲಿ ನಿಮ್ಮ ತಂಗಿ ಇರಬಹುದು, ನಿವೃತ್ತಿಯ ಹಣ ಕೈಯಲ್ಲಿಟ್ಟುಕೊಂಡ ನಿಮ್ಮ ಮೇಷ್ಟ್ರು ಇರಬಹುದು. ಬರೆದವನು ಗೊತ್ತಿದ್ದೂ ಬರೆದ, ನೀವು ಗೊತ್ತಿದ್ದೂ ಬಾಯಿಮುಚ್ಚಿಕೊಂಡಿದ್ದೀರಿ. ಅವನ ಪಾಪದಲ್ಲಿ ನಿಮಗೂ ಪಾಲಿದೆ. ಮುಂದಿನ ಸಂದೇಶ ಬಂದಾಗ ದಯವಿಟ್ಟು ಆ ಒಂದು ಸಾಲು ಬರೆಯಿರಿ.